‘ಆದಷ್ಟು ಬೇಗ’ ಅಂದರೆ ಎಷ್ಟು ಗಂಟೆಗೆ?

ಜಿಎಸ್‌ಟಿ ಲೆಕ್ಕ ನೋಡುವವರ ತಿಂಗಳಲ್ಲಿ ಮೂವತ್ತು ದಿನ ಇರುವುದಿಲ್ಲ. 7, 11, 13, 14, 20. ಇಷ್ಟೇ ಇರುವುದು. 7ಕ್ಕೆ ಟಿಡಿಎಸ್ ಕಟ್ಟಬೇಕು. 11ಕ್ಕೆ ಮಾರಾಟದ ಬಿಲ್ಲುಗಳ ಪಟ್ಟಿ, ಅಂದರೆ ಜಿಎಸ್‌ಟಿಆರ್-1 ಹಾಕಬೇಕು. 14ಕ್ಕೆ ನಮಗೆ ಮಾಲು ಕೊಟ್ಟವರು ಯಾವ್ಯಾವ ಬಿಲ್ಲು ತೋರಿಸಿದ್ದಾರೆ ಅನ್ನೋ ಪಟ್ಟಿ ತಯಾರಾಗುತ್ತದೆ. ಅದಕ್ಕೆ 2ಬಿ ಅಂತ ಹೆಸರು. 20ಕ್ಕೆ ಜಿಎಸ್‌ಟಿಆರ್-3ಬಿ ಹಾಕಿ ತೆರಿಗೆ ಕಟ್ಟಬೇಕು. 13ರ ಕತೆ ಬೇರೆ, ಅದಕ್ಕೆ ಆಮೇಲೆ ಬರ್ತೀನಿ.

ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಲೆಕ್ಕದ ಕೋಣೆಯಲ್ಲಿ ನನ್ನ ಕೆಲಸ. ಪಂಪಿನ ಬಿಡಿಭಾಗ ಮಾಡುತ್ತೇವೆ. ನನ್ನ ದಿನದ ಅರ್ಧ ಭಾಗ ಬೇರೆಯವರನ್ನು ಏನಾದರೂ ಕೇಳುವುದರಲ್ಲೇ ಹೋಗುತ್ತದೆ. ಬಿಲ್ಲು ಕಳಿಸಿ, ಬಿಲ್ಲು ತೋರಿಸಿ, ಸಹಿ ಹಾಕಿ, ಓಟಿಪಿ ಹೇಳಿ, ಬ್ಯಾಂಕಿಗೆ ಪತ್ರ ಕೊಡಿ. ಈ ಕೆಲಸಕ್ಕೆ ಸೇರಿದಾಗ ಹಿಂದಿನವರು ಬಿಟ್ಟುಹೋದ ಮೇಲ್ ಪೆಟ್ಟಿಗೆ ನನ್ನ ಕೈಗೆ ಬಂತು. ಅದನ್ನು ಓದುತ್ತಾ ಕೂತರೆ ಒಂದು ವಿಚಿತ್ರ ಕಾಣುತ್ತಿತ್ತು. ನಮ್ಮ ಕೆಲಸದಲ್ಲಿ ಪ್ರತಿಯೊಂದಕ್ಕೂ ತಾರೀಕು ಇದೆ, ತಪ್ಪಿದರೆ ದಂಡ ಇದೆ. ಆದರೆ ಆ ಮೇಲ್‌ಗಳಲ್ಲಿ ಒಂದರಲ್ಲೂ ತಾರೀಕು ಇಲ್ಲ. ‘ಅಟ್ ಯುವರ್ ಅರ್ಲಿಯೆಸ್ಟ್’, ‘ಆ್ಯಸ್ ಸೂನ್ ಆ್ಯಸ್ ಪಾಸಿಬಲ್’. ಕನ್ನಡದಲ್ಲಿ ಬರೆದ ವಾಟ್ಸಾಪ್ ಆದರೆ ‘ದಯವಿಟ್ಟು ಆದಷ್ಟು ಬೇಗ’. ಅದರ ಕೆಳಗೆ ನಾಲ್ಕು ದಿನ ಬಿಟ್ಟು ‘ಜ್ಞಾಪನೆ’. ಅದರ ಕೆಳಗೆ ‘ತುಂಬಾ ಅರ್ಜೆಂಟ್’.

ಬರೆದವರು ಸೋಮಾರಿಯಲ್ಲ. ತಾರೀಕು ಅವರ ತಲೆಯಲ್ಲಿ ಗಟ್ಟಿಯಾಗಿ ಇತ್ತು. ಎಷ್ಟು ಗಟ್ಟಿ ಅಂದರೆ ಅದು ಎದುರಿನವರಿಗೂ ಗೊತ್ತೇ ಇರುತ್ತದೆ ಅಂದುಕೊಂಡಿದ್ದರು. ತೊಂದರೆ ಶುರುವಾಗುವುದು ಅಲ್ಲೇ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ.

2025ರ ಜುಲೈ 28ಕ್ಕೆ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಿಂದ ನಮಗೆ ಎರಕದ ಮಾಲು ಬಂತು ಅಂತ ಇಟ್ಟುಕೊಳ್ಳಿ. ಮಾಲಿನ ಬೆಲೆ 2 ಲಕ್ಷ. ಶೇ 18ರಂತೆ ತೆರಿಗೆ 36,000 ರೂಪಾಯಿ. ಈ 36,000ವನ್ನು ನಾವು ಫೌಂಡ್ರಿಯವರಿಗೆ ಕೊಡುತ್ತೇವೆ. ಆಮೇಲೆ ನಾವು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟನ್ನು ಕಳೆದುಕೊಳ್ಳುತ್ತೇವೆ. ಆದರೆ ಕಳೆದುಕೊಳ್ಳಬೇಕಾದರೆ ಆ ಬಿಲ್ಲು ನಮ್ಮ 2ಬಿಯಲ್ಲಿ ಇರಬೇಕು. 2022ರ ಜನವರಿಯಿಂದ ಇದು ಕಟ್ಟುನಿಟ್ಟು. ಬಿಲ್ಲು ಕೈಯಲ್ಲಿದೆ, ಮಾಲು ಗೋಡೌನಿನಲ್ಲಿದೆ, ದುಡ್ಡೂ ಕೊಟ್ಟಾಗಿದೆ ಅಂದರೂ ಆಗುವುದಿಲ್ಲ. ಅವರು ಜಿಎಸ್‌ಟಿ ಪೋರ್ಟಲ್‌ನಲ್ಲಿ ತೋರಿಸಿರಬೇಕು.

ಆಗಸ್ಟ್ 6, ಬುಧವಾರ. ಬಿಲ್ಲು ಇನ್ನೂ ಕಾಣುತ್ತಿಲ್ಲ. ಹಳೆಯ ಧಾಟಿಯಲ್ಲಿ ಬರೆದರೆ ಸಂದೇಶ ಹೀಗಿರುತ್ತದೆ:

“ಸರ್, ಜುಲೈ ಬಿಲ್ಲು ಪೋರ್ಟಲ್‌ನಲ್ಲಿ ಬಂದಿಲ್ಲ. ದಯವಿಟ್ಟು ಆದಷ್ಟು ಬೇಗ ಅಪ್‌ಲೋಡ್ ಮಾಡಿಸಿ. ಅರ್ಜೆಂಟ್ ಇದೆ.”

ಈ ಸಂದೇಶ ಎಲ್ಲೆಲ್ಲಿ ಹೋಗುತ್ತದೆ ನೋಡಿ. ಫೌಂಡ್ರಿಯ ಯಜಮಾನರು ಕುಲುಮೆಯ ಹತ್ತಿರ ನಿಂತು ಓದುತ್ತಾರೆ. “ಆತ್ರಿ, ಮಾಡಸ್ತೇನಿ” ಅಂತ ಉತ್ತರ ಹಾಕುತ್ತಾರೆ. ಅದನ್ನೇ ಅವರ ಟ್ಯಾಕ್ಸ್ ಕನ್ಸಲ್ಟೆಂಟರಿಗೆ ಫಾರ್ವರ್ಡ್ ಮಾಡುತ್ತಾರೆ. ಕನ್ಸಲ್ಟೆಂಟರು ತಮ್ಮ ಕಚೇರಿಯ ಹುಡುಗನಿಗೆ ಕಳಿಸುತ್ತಾರೆ. ಪೋರ್ಟಲ್ ತೆರೆಯುವ ಕೈ ಇರುವುದು ಆ ಹುಡುಗನದು. ಅವನ ಮುಂದೆ ಹತ್ತಾರು ಕಂಪನಿಗಳ ಫೈಲು ಇವೆ. ಅವನು ಈ ಫೌಂಡ್ರಿಯ ಹೆಸರು ನೋಡುತ್ತಾನೆ. ಇವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು. ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರೂ ಸೇರಿ ಅಕ್ಟೋಬರ್ 13ಕ್ಕೆ ಕೊನೆ. ಈಗಿನ್ನೂ ಆಗಸ್ಟ್ ಮೊದಲ ವಾರ. “ಹಾಕೋಣಂತ” ಅಂದುಕೊಂಡು ಫೈಲು ಪಕ್ಕಕ್ಕಿಡುತ್ತಾನೆ.

ಅವನ ತಪ್ಪೇನಿದೆ? ಅವನ ಲೆಕ್ಕದಲ್ಲಿ ಅಕ್ಟೋಬರ್ 1ಕ್ಕೆ ಹಾಕಿದರೂ ಅದು ಬೇಗವೇ, ಕೊನೆಯ ದಿನಕ್ಕಿಂತ ಹನ್ನೆರಡು ದಿನ ಮೊದಲು! ನನ್ನ ಲೆಕ್ಕದಲ್ಲಿ ಬೇಗ ಅಂದರೆ ಆರೇಳು ದಿನ. ಇಬ್ಬರೂ ಒಂದೇ ಮಾತನ್ನು ಓದಿದ್ದೇವೆ. ಮಾತಿನಲ್ಲಿ ತಾರೀಕು ಇಲ್ಲದ್ದರಿಂದ ಇಬ್ಬರೂ ನಮ್ಮ ನಮ್ಮ ತಾರೀಕು ತುಂಬಿಕೊಂಡಿದ್ದೇವೆ. ‘ಅರ್ಜೆಂಟ್’ ಅನ್ನೋದು ಇಲ್ಲಿ ಏನೂ ಸಹಾಯ ಮಾಡುವುದಿಲ್ಲ. ಅವನಿಗೆ ಬರುವ ಎಲ್ಲಾ ಸಂದೇಶಗಳಲ್ಲೂ ಅದು ಇರುತ್ತದೆ.

ಈಗ ಆ 13ರ ಕತೆ. ವರ್ಷಕ್ಕೆ 5 ಕೋಟಿವರೆಗೆ ವಹಿವಾಟು ಇರುವವರು ಹೀಗೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಬಹುದು. ಆದರೆ ಅವರಿಂದ ಮಾಲು ಕೊಂಡವರು ಅಷ್ಟು ದಿನ ಕಾಯಬೇಕಾಗುತ್ತದಲ್ಲ. ಅದಕ್ಕೆ ಅಂತಲೇ ಒಂದು ಕಿಟಕಿ ಇಟ್ಟಿದ್ದಾರೆ. ಐಎಫ್‌ಎಫ್ ಅಂತ ಅದರ ಹೆಸರು. ಮೂರು ತಿಂಗಳ ಗುಂಪಿನಲ್ಲಿ ಮೊದಲ ಎರಡು ತಿಂಗಳ ಬಿಲ್ಲುಗಳನ್ನು, ಬೇಕಾದವನ್ನಷ್ಟೇ, ಮುಂದಿನ ತಿಂಗಳ 1ರಿಂದ 13ರೊಳಗೆ ಅದರಲ್ಲಿ ತೋರಿಸಬಹುದು. ಇದು ಕಡ್ಡಾಯವಲ್ಲ, ಅವರ ಇಷ್ಟ. 13 ದಾಟಿದರೆ ಆ ತಿಂಗಳ ಕಿಟಕಿ ಮುಚ್ಚಿತು. ಮಾರನೇ ದಿನ ನಮ್ಮ 2ಬಿ ತಯಾರಾಗುತ್ತದೆ, ಅದರಲ್ಲಿ ಈ ಬಿಲ್ಲು ಇರುವುದಿಲ್ಲ.

ಅಂದರೆ ನನಗೆ ಬೇಕಾದ ತಾರೀಕು ನನ್ನ ಕ್ಯಾಲೆಂಡರಿನಲ್ಲಿಲ್ಲ. ನನ್ನ ಕ್ಯಾಲೆಂಡರಿನಲ್ಲಿ ಇರುವುದು 20, ತೆರಿಗೆ ಕಟ್ಟುವ ದಿನ. ಅದನ್ನು ನೋಡಿಕೊಂಡು “20ರೊಳಗೆ ಹಾಕಿಸಿ” ಅಂತ ಬರೆದರೆ ತಾರೀಕು ಹೇಳಿದ ಹಾಗೂ ಆಯಿತು, ಕೆಲಸ ಕೆಟ್ಟ ಹಾಗೂ ಆಯಿತು. ಪಾಪ, ಆ ಹುಡುಗ 18ನೇ ತಾರೀಕು ಕೂತರೆ ಕಿಟಕಿ ಮುಚ್ಚಿರುತ್ತದೆ. ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಇನ್ನೊಬ್ಬ ಸಪ್ಲೈಯರ್ ಆದರೆ 11. ಇವರಿಗೆ 13. ಕೇಳುವವರು ಮೊದಲು ತಿಳಿದುಕೊಳ್ಳಬೇಕಾದದ್ದು ಇದು. ಎದುರಿನವರ ಕಡೆ ಯಾವ ಬಾಗಿಲು ಯಾವಾಗ ಮುಚ್ಚುತ್ತದೆ ಅಂತ ಗೊತ್ತಿಲ್ಲದೆ ಗಟ್ಟಿ ತಾರೀಕು ಬರೆಯಲು ಬರುವುದಿಲ್ಲ. ‘ಆದಷ್ಟು ಬೇಗ’ ಇಷ್ಟೊಂದು ಸುಲಭವಾಗಿ ಕೈಗೆ ಬರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಅದನ್ನು ಬರೆಯಲು ಏನನ್ನೂ ತಿಳಿದುಕೊಳ್ಳಬೇಕಾಗಿಲ್ಲ.

ಸರಿ, 13 ಅಂತ ಗೊತ್ತಾಯಿತು. ಹಾಗಾದರೆ 13 ಅಂತಲೇ ಬರೆಯೋಣವೇ? ಆ ವಾರದ ಕ್ಯಾಲೆಂಡರ್ ನೋಡಿ. 8 ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬ. 9 ಎರಡನೇ ಶನಿವಾರ, ನೂಲು ಹುಣ್ಣಿಮೆ ಬೇರೆ. 10 ಭಾನುವಾರ. 11 ಸೋಮವಾರ, ತಿಂಗಳ ರಿಟರ್ನ್ ಹಾಕುವವರಿಗೆಲ್ಲ ಕೊನೆಯ ದಿನ. ಆವತ್ತು ಕನ್ಸಲ್ಟೆಂಟರ ಕಚೇರಿಯಲ್ಲಿ ಊಟಕ್ಕೂ ಬಿಡುವಿರುವುದಿಲ್ಲ. 13 ಬುಧವಾರ. ಕೊನೆಯ ದಿನ ಪೋರ್ಟಲ್ ನಿಧಾನವಾಗುವುದು ನಮಗೆಲ್ಲ ಗೊತ್ತಿರುವ ಸಂಗತಿ. ಬಿಲ್ಲಿನಲ್ಲಿ ನಮ್ಮ ಜಿಎಸ್‌ಟಿ ನಂಬರಿನ ಒಂದು ಅಕ್ಷರ ತಪ್ಪಿದ್ದರೂ ಸರಿ ಮಾಡಿಸಲು ಅರ್ಧ ದಿನವಾದರೂ ಬೇಕು. ಹಾಗಾಗಿ 12, ಮಂಗಳವಾರ. ಅದೂ ಸಂಜೆ ಅಂತ ಅಲ್ಲ, 4 ಗಂಟೆ. 4ಕ್ಕೆ ಬರದಿದ್ದರೆ ಫೋನ್ ಮಾಡಲು ಕಚೇರಿಯ ವೇಳೆ ಇನ್ನೂ ಉಳಿದಿರುತ್ತದೆ.

ಹೀಗೆ ಲೆಕ್ಕ ಹಾಕಿದ ಮೇಲೆ ಸಂದೇಶ ಹೀಗಾಗುತ್ತದೆ:

“ನಮಸ್ಕಾರ ಸರ್. ಜುಲೈ 28ರ ನಿಮ್ಮ 2 ಲಕ್ಷದ ಬಿಲ್ಲು, ತೆರಿಗೆ 36,000, ನಮಗೆ ಇನ್ನೂ ಪೋರ್ಟಲ್‌ನಲ್ಲಿ ಕಾಣುತ್ತಿಲ್ಲ. ನೀವು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು ಅಂತ ಗೊತ್ತು. ಈ ಒಂದು ಬಿಲ್ಲನ್ನು ಮಾತ್ರ ಐಎಫ್‌ಎಫ್‌ನಲ್ಲಿ ಆಗಸ್ಟ್ 12, ಮಂಗಳವಾರ ಮಧ್ಯಾಹ್ನ 4 ಗಂಟೆಯೊಳಗೆ ಹಾಕಿಸಲು ಆಗುತ್ತದೆಯೇ? 13ಕ್ಕೆ ಅದು ಮುಚ್ಚುತ್ತದೆ. ಆಮೇಲೆ ಹಾಕಿದರೆ ಈ ತಿಂಗಳು 36,000ವನ್ನು ನಾವು ಕೈಯಿಂದ ಕಟ್ಟಬೇಕಾಗುತ್ತದೆ. ಬಿಲ್ಲಿನ ಫೋಟೋ ಕೆಳಗಿದೆ. 12ಕ್ಕೆ ಕಷ್ಟ ಅನ್ನಿಸಿದರೆ ನಾಳೆ ಗುರುವಾರ ಸಂಜೆ 5ರೊಳಗೆ ಒಂದು ಮಾತು ತಿಳಿಸಿ, ನಾನು ದುಡ್ಡಿನ ವ್ಯವಸ್ಥೆ ಮಾಡಿಕೊಳ್ಳುತ್ತೇನೆ.”

ಉದ್ದವಾಯಿತು, ಒಪ್ಪಿದೆ. ಆದರೆ ಇದು ಮೂರು ಕೈ ದಾಟಿ ಆ ಹುಡುಗನಿಗೆ ಹೋದಾಗಲೂ ಅರ್ಥ ಕೆಡುವುದಿಲ್ಲ. ಯಾವ ಬಿಲ್ಲು, ಎಲ್ಲಿ ಹಾಕಬೇಕು, ಯಾವಾಗ, ಎಲ್ಲಾ ಅದರಲ್ಲೇ ಇದೆ. ‘ಈ ಒಂದು ಬಿಲ್ಲನ್ನು ಮಾತ್ರ’ ಅನ್ನೋದು ಮುಖ್ಯ. ಇಡೀ ತಿಂಗಳ ಲೆಕ್ಕ ಮುಗಿಸಿ ಅಂತ ಕೇಳಿದರೆ ಯಾರೂ ಕೈ ಹಾಕುವುದಿಲ್ಲ. ಒಂದು ಬಿಲ್ಲು ಅಂದರೆ ಹತ್ತು ನಿಮಿಷದ ಕೆಲಸ. ತಾರೀಕು ಹತ್ತಿರ ಇದ್ದಷ್ಟೂ ಕೇಳುವ ಕೆಲಸ ಸಣ್ಣದಾಗಬೇಕು.

ಕಾರಣ ಬರೆಯುವುದರಿಂದ ಇನ್ನೊಂದು ಉಪಕಾರ ಇದೆ, ಅದು ನನಗೇ ಆಗುವ ಉಪಕಾರ. ಕಾರಣ ಬರೆಯಲು ಕೂತಾಗ ನಷ್ಟ ಎಷ್ಟು ಅಂತ ಲೆಕ್ಕ ಹಾಕಬೇಕಾಗುತ್ತದೆ. ಈ ಬಿಲ್ಲು ತಪ್ಪಿದರೆ 36,000 ಮುಳುಗಿ ಹೋಗುವುದಿಲ್ಲ. ಆಗಸ್ಟಿನ ಕಿಟಕಿಯಲ್ಲಿ, ಅಂದರೆ ಸೆಪ್ಟೆಂಬರ್ 13ರೊಳಗೆ ಹಾಕಿದರೆ ಒಂದು ತಿಂಗಳು ತಡವಾಗಿ ಸಿಗುತ್ತದೆ. ಅಕ್ಟೋಬರಿಗೆ ಹೋದರೆ ಎರಡು ತಿಂಗಳು. ನಮ್ಮ ಓವರ್‌ಡ್ರಾಫ್ಟಿನ ಬಡ್ಡಿ ವರ್ಷಕ್ಕೆ ಶೇ 12 ಅಂತ ಹಿಡಿದರೆ ಒಂದು ತಿಂಗಳಿಗೆ 360 ರೂಪಾಯಿ, ಎರಡು ತಿಂಗಳಿಗೆ 720. ಅಷ್ಟೇ! ‘ತುಂಬಾ ಅರ್ಜೆಂಟ್’ ಅಂತ ಎರಡು ಸಲ ಬರೆದು, ವರ್ಷಗಟ್ಟಲೆ ಮಾಲು ಕೊಟ್ಟ ಮನುಷ್ಯನ ಮೂಡು ಕೆಡಿಸುವಷ್ಟು ದೊಡ್ಡ ಮೊತ್ತವಲ್ಲ. ಆದರೆ ಇದೇ ತರಹ ಇಪ್ಪತ್ತು ಬಿಲ್ಲು ತಪ್ಪಿದರೆ 20ನೇ ತಾರೀಕು ಏಳು ಲಕ್ಷದ ಹತ್ತಿರ ದುಡ್ಡು ಹೊಂದಿಸಬೇಕು. ಸಣ್ಣ ಕಾರ್ಖಾನೆಗೆ ಅದು ಸಂಬಳದ ದುಡ್ಡು. ಹಾಗಾಗಿ ಯಾರನ್ನು ಎಷ್ಟು ಒತ್ತಿ ಕೇಳಬೇಕು ಅನ್ನೋದು ಈ ಲೆಕ್ಕದಿಂದ ಗೊತ್ತಾಗುತ್ತದೆ. 900 ರೂಪಾಯಿ ತೆರಿಗೆಯ ಬಿಲ್ಲಿಗೆ ನಾನು ಸಂದೇಶವನ್ನೇ ಕಳಿಸುವುದಿಲ್ಲ. ಬಂದಾಗ ಬರಲಿ.

ಇಲ್ಲಿ ಸುಮ್ನೆ ಒಂದು ಅಡ್ಡದಾರಿ. ತಾರೀಕು ಬಿಟ್ಟು ‘ಆದಷ್ಟು ಬೇಗ’ ಹಿಡಿದ ದೊಡ್ಡ ಉದಾಹರಣೆ ನಮ್ಮ ಸಂವಿಧಾನದಲ್ಲೇ ಇದೆ. ಸಂಸತ್ತು ಒಪ್ಪಿದ ಮಸೂದೆಯನ್ನು ರಾಷ್ಟ್ರಪತಿ ಮರುಪರಿಶೀಲನೆಗೆ ವಾಪಸು ಕಳಿಸಬಹುದಲ್ಲ, ಅದಕ್ಕೆ ಕರಡಿನಲ್ಲಿ ಆರು ವಾರದ ಗಡುವು ಇತ್ತು. 1949ರ ಮೇ ತಿಂಗಳಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ತಿದ್ದುಪಡಿ ತಂದು ಆ ಆರು ವಾರ ತೆಗೆದು ‘ಆದಷ್ಟು ಬೇಗ’ ಅಂತ ಇಟ್ಟರು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಅದನ್ನು ವಿರೋಧಿಸಿದರು. ಅವರ ಮಾತು ನಡೆಯಲಿಲ್ಲ. ರಾಜ್ಯಪಾಲರ ಬಗ್ಗೆ ಹೇಳುವ 200ನೇ ವಿಧಿಯಲ್ಲೂ ಅದೇ ಮಾತು ಬಂತು. ಅದರ ಫಲ ಇವತ್ತಿಗೂ ಕಾಣುತ್ತಿದೆ. ತಮಿಳುನಾಡಿನ ಮಸೂದೆಗಳು ರಾಜ್ಯಪಾಲರ ಹತ್ತಿರ ಉಳಿದ ಪ್ರಕರಣದಲ್ಲಿ 2025ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಒಂದು ತಿಂಗಳು, ಮೂರು ತಿಂಗಳು ಅಂತ ಗಡುವು ಹಾಕಿತು. ಅದೇ ವರ್ಷ ನವೆಂಬರ್ 20ರಂದು ಐವರು ನ್ಯಾಯಮೂರ್ತಿಗಳ ಪೀಠ, ಸಂವಿಧಾನದಲ್ಲಿ ಇಲ್ಲದ ಗಡುವನ್ನು ಕೋರ್ಟು ಹಾಕಲು ಬರುವುದಿಲ್ಲ ಅಂತ ಅಭಿಪ್ರಾಯ ಕೊಟ್ಟಿತು. ಕಾರಣ ಹೇಳದೆ ಕೊನೆಯಿಲ್ಲದಂತೆ ಕೂತರೆ ಮಾತ್ರ ಕೋರ್ಟು ಸೀಮಿತವಾಗಿ ಕೇಳಬಹುದು ಅಂತಲೂ ಹೇಳಿತು. ಎಪ್ಪತ್ತೈದು ವರ್ಷ ಕಳೆದರೂ ‘ಬೇಗ’ ಅಂದರೆ ಎಷ್ಟು ದಿನ ಅನ್ನೋದು ಕೋರ್ಟಿನ ಪ್ರಶ್ನೆಯಾಗಿಯೇ ಇದೆ.

ಇದಕ್ಕೆ ಎದುರಾಗಿ 2005ರ ಮಾಹಿತಿ ಹಕ್ಕು ಕಾಯ್ದೆ ನೋಡಿ. ಅರ್ಜಿಗೆ ಉತ್ತರವನ್ನು ಸಾಧ್ಯವಾದಷ್ಟು ಬೇಗ, ಏನೇ ಆದರೂ 30 ದಿನದೊಳಗೆ ಕೊಡಬೇಕು ಅನ್ನುತ್ತದೆ ಅದರ 7ನೇ ಸೆಕ್ಷನ್. ಒಬ್ಬರ ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ತಡವಾದರೆ ದಿನಕ್ಕೆ 250 ರೂಪಾಯಿ ದಂಡ, ಹೆಚ್ಚೆಂದರೆ 25,000. ಆಚರಣೆಯಲ್ಲಿ ಎಷ್ಟು ನಡೆಯುತ್ತದೆ ಅನ್ನೋದು ಬೇರೆ ಮಾತು. ಆದರೆ ವಾಕ್ಯ ಕಟ್ಟಿರುವ ರೀತಿ ನನಗೆ ಇಷ್ಟ. ‘ಬೇಗ’ ಅನ್ನೋದನ್ನು ತೆಗೆದುಹಾಕಿಲ್ಲ, ಅದರ ಬೆನ್ನಿಗೇ ಒಂದು ಗೆರೆ ಎಳೆದಿದ್ದಾರೆ. ನಾನೂ ಕೆಲವು ಸಲ ಹಾಗೇ ಬರೆಯುತ್ತೇನೆ. “ಬೇಗ ಆದರೆ ಒಳ್ಳೆಯದು, 12ರ 4 ಗಂಟೆ ಮಾತ್ರ ದಾಟುವುದು ಬೇಡ.” ಬೇಗ ಅನ್ನೋ ಮಾತಿನಿಂದ ಕೆಟ್ಟದ್ದೇನೂ ಆಗುವುದಿಲ್ಲ, ಅದು ಒಂಟಿಯಾಗಿ ಇರಬಾರದು ಅಷ್ಟೇ.

ಇಷ್ಟೆಲ್ಲಾ ಹೇಳಿದರೂ ನಮ್ಮಲ್ಲಿ ಒಂದು ಮುಜುಗರ ಉಳಿಯುತ್ತದೆ. ದೊಡ್ಡವರಿಗೆ ಟೈಮ್ ಕೊಡುವುದು ಹೇಗೆ? ನಮ್ಮ ಯಜಮಾನರಿಗೆ ಅರವತ್ತು ದಾಟಿದೆ. 3ಬಿ ಹಾಕುವಾಗ ಓಟಿಪಿ ಅವರ ಫೋನಿಗೆ ಬರುತ್ತದೆ. “ಸರ್, 11 ಗಂಟೆಯೊಳಗೆ ಓಟಿಪಿ ಕೊಡಿ” ಅಂದರೆ ಅದು ಹುಕುಂ ಆಗುತ್ತದೆ. ಅದಕ್ಕೇ ಎಲ್ಲರೂ “ಪುರುಸೊತ್ತಾದಾಗ ಒಂಚೂರು ನೋಡಿ ಸರ್” ಅನ್ನುವುದು. ಪುರುಸೊತ್ತು ಅವರಿಗೆ ಯಾವತ್ತೂ ಆಗುವುದಿಲ್ಲ. ರಾತ್ರಿ ಒಂಬತ್ತಕ್ಕೆ ನಾವು ಮೂವರು ಕಚೇರಿಯಲ್ಲಿ ಕೂತು, ಅವರು ಯಾವುದೋ ಮದುವೆಯ ಊಟದ ಹಾಲಿನಲ್ಲಿ ಫೋನ್ ಕೇಳಿಸದೆ ಕೂತು, ಕೊನೆಗೆ ಎಲ್ಲರಿಗೂ ಸಿಟ್ಟು.

ನಾನು ಕಂಡುಕೊಂಡ ದಾರಿ ಸರಳ. ಟೈಮನ್ನು ಮನುಷ್ಯನಿಗೆ ಕಟ್ಟುವುದಿಲ್ಲ, ಕೆಲಸಕ್ಕೆ ಕಟ್ಟುತ್ತೇನೆ. “ಸರ್, 3ಬಿ 19ಕ್ಕೆ ಮಂಗಳವಾರ ಬೆಳಿಗ್ಗೆ 11ಕ್ಕೆ ಹಾಕ್ತಾ ಇದ್ದೀವಿ. ಆಗ ನಿಮ್ಮ ಫೋನಿಗೆ ಓಟಿಪಿ ಬರುತ್ತೆ. ಆ ಹೊತ್ತಿಗೆ ನೀವು ಎಲ್ಲಾದರೂ ಹೊರಗಿದ್ದರೆ 3 ಗಂಟೆಗೂ ಇಟ್ಟುಕೊಳ್ಳಬಹುದು, ಯಾವುದು ಅನುಕೂಲ ಸರ್?” ಇದರಲ್ಲಿ ಕೊಡಿ, ಮಾಡಿ ಅನ್ನೋದೇ ಇಲ್ಲ. ಅವರು ಆರಿಸುವವರಾದರು. ನಾನು ಎರಡು ಟೈಮ್ ಇಟ್ಟೆ, ಎರಡೂ ನನಗೆ ಆಗುವಂಥವೇ. ಹಿರಿಯರನ್ನು ಕೇಳುವಾಗ ಮರ್ಯಾದೆ ಕೊಡಬೇಕು, ನಿಜ. ಆದರೆ ಟೈಮ್ ಮುಚ್ಚಿಟ್ಟರೆ ಅದು ಮರ್ಯಾದೆ ಆಗುತ್ತದೆಯೇ? ಅವರು ತಮ್ಮ ದಿನವನ್ನು ಹೊಂದಿಸಿಕೊಳ್ಳುವ ಅವಕಾಶವನ್ನೇ ನಾವು ಕಿತ್ತುಕೊಂಡ ಹಾಗೆ.

ಅವರು ನಮ್ಮನ್ನು ಕೇಳುವಾಗಲೂ ಇದೇ ಕತೆ, ತಿರುಗುಮುರುಗಾಗಿ. “ಆ ಸಾಲಗಾರರ ಪಟ್ಟಿ ಬೇಗ ಒಂದು ತೆಗೆದುಕೊಡಿ” ಅಂತಾರೆ. ನಮಗೆ ಯಾರ್ಯಾರು ಎಷ್ಟು ದುಡ್ಡು ಕೊಡಬೇಕು ಅನ್ನೋ ಪಟ್ಟಿ ಅದು. ಹತ್ತು ನಿಮಿಷದಲ್ಲಿ ಟ್ಯಾಲಿಯಿಂದ ತೆಗೆದ ಹಸಿ ಪಟ್ಟಿಯೂ ಅದೇ. ಪ್ರತಿಯೊಬ್ಬರ ಲೆಕ್ಕ ತಾಳೆ ನೋಡಿ ಎರಡು ದಿನ ಕೂತು ಮಾಡಿದ ಪಟ್ಟಿಯೂ ಅದೇ. “ಯಾವಾಗ ಬೇಕು ಸರ್?” ಅಂತ ಕೇಳಿದರೆ “ಈಗಲೇ” ಅನ್ನುತ್ತಾರೆ, ಅದು ಉತ್ತರವಲ್ಲ. “ಯಾರಿಗೆ ತೋರಿಸಬೇಕು ಸರ್?” ಅಂತ ಕೇಳಿದರೆ ನಿಜ ಹೊರಬರುತ್ತದೆ. “ಬ್ಯಾಂಕಿನವರು ಗುರುವಾರ ಬರ್ತಾರಪ್ಪ.” ಹಾಗಾದರೆ ಬುಧವಾರ ಮಧ್ಯಾಹ್ನ 3ಕ್ಕೆ, ತಾಳೆ ನೋಡಿದ ಪಟ್ಟಿ. ಬ್ಯಾಂಕಿಗೆ ಹಸಿ ಪಟ್ಟಿ ಕೊಟ್ಟು ಆಮೇಲೆ ತಿದ್ದುವುದು ಎಷ್ಟು ಅಸಹ್ಯ ಅಂತ ಲೆಕ್ಕದವರಿಗೆ ಹೇಳಬೇಕಾಗಿಲ್ಲ. ತಾರೀಕು ಹೊರಗೆ ಬರದಿದ್ದರೆ ಅವರು ಹೇಳಿದ ‘ಬೇಗ’ಕ್ಕೆ ನಾನು ಹಸಿ ಪಟ್ಟಿಯನ್ನೇ ಕೊಟ್ಟಿರುತ್ತಿದ್ದೆ.

ತಾರೀಕು ಹಾಕಿದ ಮಾತ್ರಕ್ಕೆ ಎಲ್ಲಾ ಸರಿಹೋಗುವುದಿಲ್ಲ, ತಾರೀಕಿನಲ್ಲೂ ತೂತುಗಳಿವೆ. ‘12ರೊಳಗೆ’ ಅಂದರೆ 12 ಸೇರಿಯೋ, 11ಕ್ಕೇ ಮುಗಿಯಬೇಕೋ? ಇಬ್ಬರು ಎರಡು ತರಹ ಓದುವುದನ್ನು ಬೇಕಾದಷ್ಟು ಕಂಡಿದ್ದೇನೆ. ಗಂಟೆ ಸೇರಿಸಿದರೆ ಆ ಜಗಳವೇ ಇಲ್ಲ. ‘ಮುಂದಿನ ಮಂಗಳವಾರ’ ಅಂತ ಭಾನುವಾರ ಬರೆದರೆ ನಾಡಿದ್ದೋ, ಅದರ ಮುಂದಿನ ವಾರವೋ? ವಾರದ ಜೊತೆ ತಾರೀಕನ್ನೂ ಬರೆಯಬೇಕು. ಎರಡೂ ಇದ್ದರೆ ಒಂದು ತಪ್ಪಾದರೂ ಓದಿದವರು “12 ಮಂಗಳವಾರ ಅಲ್ವಾ, ನೀವು ಬುಧವಾರ ಅಂದಿದ್ದೀರಿ” ಅಂತ ಕೇಳುತ್ತಾರೆ. ‘ದಿನದ ಕೊನೆಗೆ’ ಅನ್ನೋದನ್ನಂತೂ ನಾನು ಬಿಟ್ಟೇಬಿಟ್ಟಿದ್ದೇನೆ. ಪೋರ್ಟಲ್ಲಿಗೆ ದಿನದ ಕೊನೆ ರಾತ್ರಿ 12. ಬ್ಯಾಂಕಿಗೆ ಕೌಂಟರು ಮುಚ್ಚುವ ಹೊತ್ತು. ಅಮೆರಿಕದಲ್ಲಿ ಕೂತ ಗಿರಾಕಿಗೆ ನಮ್ಮ ಮಾರನೇ ದಿನದ ಬೆಳಗು.

ಇದಕ್ಕಿಂತ ಕೆಟ್ಟದ್ದು ಸುಳ್ಳು ತಾರೀಕು. 13 ಕೊನೆ ಅಂತ ಗೊತ್ತಿದ್ದೂ “8ಕ್ಕೆ ಮುಚ್ಚುತ್ತೆ ಸರ್” ಅಂತ ಹೆದರಿಸುವುದು. ಒಂದು ಸಲ ಕೆಲಸ ಆಗುತ್ತದೆ. ಕನ್ಸಲ್ಟೆಂಟರ ಹುಡುಗನಿಗೆ ನಿಜವಾದ ತಾರೀಕು ನಮಗಿಂತ ಚೆನ್ನಾಗಿ ಗೊತ್ತು. ಮುಂದಿನ ತಿಂಗಳಿಂದ ನಮ್ಮ ತಾರೀಕಿಗೆ ಐದು ದಿನ ಸೇರಿಸಿಯೇ ಓದುತ್ತಾನೆ. ನಾನು 12 ಅಂತ ಬರೆದು, 13ಕ್ಕೆ ಮುಚ್ಚುತ್ತದೆ ಅಂತಲೂ ಬರೆಯುವುದು ಅದಕ್ಕೇ. ಒಂದು ದಿನ ಮೊದಲೇ ಕೇಳುತ್ತಿದ್ದೇನೆ ಅಂತ ಅವನಿಗೂ ಕಾಣಲಿ. ಮುಚ್ಚಿಡುವಂಥದ್ದೇನಿದೆ?

ಕೆಲವು ಸಲ ತಾರೀಕು ಹೇಳುವುದೇ ಸಾಧ್ಯವಿರುವುದಿಲ್ಲ. ಫೌಂಡ್ರಿಯಲ್ಲಿ ಒಂದು ಅಚ್ಚು ಒಡೆದಿದೆ, ಹೊಸದು ಎಷ್ಟು ದಿನಕ್ಕೆ ಆಗುತ್ತದೆ ಅಂತ ನನಗೇನು ಗೊತ್ತು? ಆಗ ಕೆಲಸಕ್ಕೆ ತಾರೀಕು ಕೇಳುವುದಿಲ್ಲ, ಉತ್ತರಕ್ಕೆ ಕೇಳುತ್ತೇನೆ. “ಅಚ್ಚು ಯಾವಾಗ ಆಗಬಹುದು ಅಂತ ಶುಕ್ರವಾರ 15 ರಜೆ, ಅದು ಕಳೆದು ಶನಿವಾರ 16ಕ್ಕೆ ಮಧ್ಯಾಹ್ನ 12ರೊಳಗೆ ಅಂದಾಜು ಹೇಳಿ.” ಅಂದಾಜು ಹೇಳುವುದು ಯಾರ ಕೈಲಾದರೂ ಆಗುತ್ತದೆ. ಇನ್ನು ಶಾಪ್ ಫ್ಲೋರಿನಲ್ಲಿ ಯಾರದೋ ಕೈಗೆ ಪೆಟ್ಟಾದರೆ, ಎಲೆಕ್ಟ್ರಿಕ್ ಪ್ಯಾನೆಲಿನಲ್ಲಿ ಹೊಗೆ ಬಂದರೆ, ಅಲ್ಲಿ ತಾರೀಕೂ ಬೇಡ, ಸಂದೇಶವೂ ಬೇಡ. ಫೋನ್ ಮಾಡಬೇಕು ಅಥವಾ ಓಡಬೇಕು.

ಕೊನೆಗೆ, ಎಷ್ಟೇ ಚೆನ್ನಾಗಿ ಬರೆದರೂ 12 ಕಳೆದು, 13 ಕಳೆದು, ಬಿಲ್ಲು ಹಾಕದೇ ಇರುವವರು ಇದ್ದೇ ಇರುತ್ತಾರೆ. ಐಎಫ್‌ಎಫ್ ಅವರ ಇಷ್ಟ ಅಂದೆನಲ್ಲ, ಕಾನೂನಿನಲ್ಲಿ ಅವರನ್ನು ಒತ್ತಾಯಿಸುವ ದಾರಿ ನಮಗಿಲ್ಲ. ಅಂಥವರಿಗೆ ಸಂದೇಶದ ಮೇಲೆ ಸಂದೇಶ ಕಳಿಸುವುದಕ್ಕಿಂತ ಮಾಲಿನ ಆರ್ಡರಿನಲ್ಲೇ ಒಂದು ಸಾಲು ಬರೆದುಕೊಳ್ಳುವುದು ವಾಸಿ. ಮಾಲಿನ ಬೆಲೆಯನ್ನು ಒಪ್ಪಿದ ದಿನಕ್ಕೆ ಕೊಡುತ್ತೇವೆ, ತೆರಿಗೆಯ ಭಾಗವನ್ನು ಬಿಲ್ಲು 2ಬಿಯಲ್ಲಿ ಕಂಡ ಮೇಲೆ ಅಂತ. ಈ ಸಾಲಿಗೂ ಒಂದು ಮಿತಿ ಇದೆ. ಸಪ್ಲೈಯರ್ ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕರಾದರೆ ಬರವಣಿಗೆಯ ಒಪ್ಪಂದ ಇದ್ದರೂ 45 ದಿನಕ್ಕಿಂತ ಜಾಸ್ತಿ ದುಡ್ಡು ಹಿಡಿಯುವಂತಿಲ್ಲ, ಒಪ್ಪಂದವೇ ಇಲ್ಲದಿದ್ದರೆ 15 ದಿನ. ಜುಲೈ ಕೊನೆಗೆ ಬಂದ ಈ ಮಾಲಿನ 45 ದಿನ ಸೆಪ್ಟೆಂಬರ್ ಎರಡನೇ ವಾರಕ್ಕೆ ಮುಗಿಯುತ್ತದೆ. ಅಕ್ಟೋಬರಿನ 2ಬಿವರೆಗೆ ಕಾಯುತ್ತೇನೆ ಅಂದರೆ ತಪ್ಪು ನಮ್ಮ ಕಡೆ ಬರುತ್ತದೆ. ಹಾಗಾಗಿ ನಮ್ಮ ಉದಾಹರಣೆಯ ಫೌಂಡ್ರಿಯವರೂ 13 ದಾಟಿಸಿದರೆ, ಅವರ ಯಜಮಾನರಿಗೆ ದುಡ್ಡು ಸೆಪ್ಟೆಂಬರ್ 8, ಸೋಮವಾರ ಬೆಳಿಗ್ಗೆ 11ಕ್ಕೆ ಹೋಗುತ್ತದೆ ಅಂತ ಬರೆಯುತ್ತೇನೆ. ಅದೇ ಸಂದೇಶದಲ್ಲಿ, ಬಿಲ್ಲನ್ನು ಆಗಸ್ಟಿನ ಕಿಟಕಿಯಲ್ಲಾದರೂ ಸೆಪ್ಟೆಂಬರ್ 11, ಗುರುವಾರ 4 ಗಂಟೆಯೊಳಗೆ ಹಾಕಿಸಿ ಅಂತಲೂ ಕೇಳುತ್ತೇನೆ. ಈ ಸಲ ಕನ್ಸಲ್ಟೆಂಟರ ನಂಬರನ್ನೂ ಅವರಿಂದ ಇಸಕೊಂಡು, ಅಲ್ಲಿಗೂ ಒಂದು ಪ್ರತಿ ಹಾಕುತ್ತೇನೆ.